ಕಡಲಿನ ಗೇಣಿ ಎಲ್ಲಿ ಹೋಗುತ್ತದೆ?

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಕರಾವಳಿಯ ದಕ್ಕೆಗಳಲ್ಲಿ ಬೋಟುಗಳು ಒಂದಕ್ಕೊಂದು ಒರಗಿ ನಿಂತಿರುತ್ತವೆ. ನಿಷೇಧ ಮುಗಿದು ಆಗಸ್ಟ್ ಬಂತೆಂದರೆ ಮಲ್ಪೆಯಲ್ಲಾಗಲಿ ಮಂಗಳೂರಿನಲ್ಲಾಗಲಿ ಕಾಲಿಡಲು ಜಾಗವಿರುವುದಿಲ್ಲ. ಮಂಜುಗಡ್ಡೆಯ ಲಾರಿಗಳು, ಡೀಸೆಲ್ ಬಂಕಿನ ಮುಂದೆ ಸಾಲು, ಹೊಸ ಬಲೆ, ಹೊಸ ಹಗ್ಗ. ಮೊದಲ ವಾರಗಳಲ್ಲಿ ಬರುವ ಮೀನಿಗೆ ಕೆಲವೊಮ್ಮೆ ದರವೇ ಇರುವುದಿಲ್ಲ, ಅಷ್ಟು ಬರುತ್ತದೆ. ಆಮೇಲೆ ನಾಲ್ಕೈದು ತಿಂಗಳು ಕಳೆದರೆ ಪತ್ರಿಕೆಗಳಲ್ಲಿ 'ಮತ್ಸ್ಯಕ್ಷಾಮ' ಎಂಬ ಪದ ಕಾಣಿಸಿಕೊಳ್ಳುತ್ತದೆ. ಹೋದರೆ ಡೀಸೆಲ್ ಖರ್ಚೂ ಹುಟ್ಟುವುದಿಲ್ಲವೆಂದು ಅರ್ಧಕ್ಕರ್ಧ ಬೋಟುಗಳು ಮತ್ತೆ ದಕ್ಕೆಗೇ ಬಂದು ನಿಲ್ಲುತ್ತವೆ.

ಇದಕ್ಕೆ ಊರಿನಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ಆಸೆಬುರುಕತನ. ಪರ್ಸೀನಿನವರು ಟ್ರಾಲ್‌ಬೋಟಿನವರನ್ನು ತೋರಿಸುತ್ತಾರೆ, ನಾಡದೋಣಿಯವರು ಇಬ್ಬರನ್ನೂ ತೋರಿಸುತ್ತಾರೆ, ಎಲ್ಲರೂ ಸೇರಿ ಪಕ್ಕದ ರಾಜ್ಯದ ಬೋಟುಗಳನ್ನು ತೋರಿಸುತ್ತಾರೆ. ನನಗೆ ಈ ಉತ್ತರ ಒಪ್ಪಿಗೆಯಾಗುವುದಿಲ್ಲ. ಯಾರೊಬ್ಬರೂ ಆಸೆಬುರುಕರಲ್ಲದಿದ್ದರೂ, ಪ್ರತಿಯೊಬ್ಬ ಮಾಲೀಕನೂ ತನ್ನ ಮನೆಯ ಲೆಕ್ಕವನ್ನು ಸರಿಯಾಗಿಯೇ ಹಾಕಿದರೂ ಕಡಲು ಇದೇ ಗತಿಗೆ ಬರುತ್ತದೆ. ಹೇಗೆಂಬುದನ್ನು ಕಾಗದದ ಮೇಲೆ ತೋರಿಸಬಹುದು, ಅದಕ್ಕೆ ಕೂಡಿಸುವುದು ಗುಣಿಸುವುದು ಗೊತ್ತಿದ್ದರೆ ಸಾಕು.

ಈ ಲೆಕ್ಕವನ್ನು ಪ್ರಸಿದ್ಧಿಗೆ ತಂದವರು ಕೆನಡಾದ ಅರ್ಥಶಾಸ್ತ್ರಜ್ಞ ಸ್ಕಾಟ್ ಗೋರ್ಡನ್, 1954ರಲ್ಲಿ ಬರೆದ ಒಂದು ಲೇಖನದಿಂದ. ಅದಕ್ಕೂ ನಾಲ್ಕು ದಶಕ ಮೊದಲೇ, 1911ರಲ್ಲಿ, ಡೆನ್ಮಾರ್ಕಿನ ಯೆನ್ಸ್ ವಾರ್ಮಿಂಗ್ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿದ್ದರು. ಡ್ಯಾನಿಶ್ ಭಾಷೆಯಲ್ಲಿ ಬರೆದದ್ದರಿಂದ ಹೊರಗಿನವರು ಬಹುಕಾಲ ಅದನ್ನು ಓದಲೇ ಇಲ್ಲ. ವಾರ್ಮಿಂಗ್ ಎತ್ತಿದ ಪ್ರಶ್ನೆ ನಮ್ಮ ಕರಾವಳಿಯವರಿಗೆ ತಟ್ಟನೆ ಅರ್ಥವಾಗುವಂಥದ್ದು. ಒಳ್ಳೆಯ ಗದ್ದೆಗೆ ಗೇಣಿ ಹುಟ್ಟುತ್ತದೆ, ಹಾಗಾದರೆ ಒಳ್ಳೆಯ ಮೀನಿನ ಜಾಗಕ್ಕೂ ಒಂದು ಗೇಣಿ ಇರಬೇಕಲ್ಲ, ಅದು ಎಲ್ಲಿ ಹೋಗುತ್ತದೆ?

ಒಂದು ಕೊಲ್ಲಿಯನ್ನು ಕಲ್ಪಿಸಿಕೊಳ್ಳೋಣ. ನಿಜವಾದ ಯಾವ ಊರೂ ಅಲ್ಲ, ಲೆಕ್ಕಕ್ಕೆ ಅನುಕೂಲವಾಗಲೆಂದು ನಾನು ಕಟ್ಟಿದ್ದು. ಅಲ್ಲಿ ಬಂಗುಡೆ ಸಿಗುತ್ತದೆ, ಟನ್ನಿಗೆ 1 ಲಕ್ಷ ರೂಪಾಯಿ, ಅಂದರೆ ಕಿಲೋಗೆ ನೂರು. ಒಂದು ಬೋಟನ್ನು ಒಂದು ಋತು ಪೂರ್ತಿ ಓಡಿಸಲು 20 ಲಕ್ಷ ಖರ್ಚು. ಈ 20 ಲಕ್ಷದಲ್ಲಿ ಡೀಸೆಲ್, ಮಂಜು, ಬಲೆ, ಸಾಲದ ಕಂತು ಎಲ್ಲ ಬಂತು. ಮಾಲೀಕ ಮತ್ತು ಬೋಟಿನ ಜನ ಬೇರೆ ಕೆಲಸಕ್ಕೆ ಹೋಗಿದ್ದರೆ ದುಡಿಯಬಹುದಾಗಿದ್ದ ದುಡ್ಡೂ ಅದರಲ್ಲೇ ಸೇರಿದೆ. ಹಾಗಾಗಿ 20 ಲಕ್ಷ ಹುಟ್ಟಿದರೆ ನಷ್ಟವಿಲ್ಲ, ಲಾಭವೂ ಇಲ್ಲ, ಜೀವನ ನಡೆಯಿತು ಅಷ್ಟೆ.

ಬೋಟುಗಳು ಹೆಚ್ಚಿದಷ್ಟೂ ನೀರಿನಲ್ಲಿ ಉಳಿಯುವ ಮೀನು ಕಡಿಮೆ, ಆದ್ದರಿಂದ ಒಂದೊಂದು ಬೋಟಿಗೆ ಸಿಗುವುದೂ ಕಡಿಮೆ. ಈ ಕೊಲ್ಲಿಯಲ್ಲಿ ಒಂದು ಬೋಟು ಹೆಚ್ಚಿದರೆ ಪ್ರತಿ ಬೋಟಿನ ಹಿಡಿತ ಒಂದು ಟನ್ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಬೋಟುಗಳಿದ್ದರೆ ತಲಾ 90 ಟನ್, ಇಪ್ಪತ್ತಿದ್ದರೆ ತಲಾ 80, ನಲವತ್ತಿದ್ದರೆ ತಲಾ 60. ಇದು ಒಂದು ವರ್ಷದ ಅದೃಷ್ಟದ ಲೆಕ್ಕವಲ್ಲ. ಅಷ್ಟೇ ಬೋಟುಗಳು ವರ್ಷಗಟ್ಟಲೆ ಓಡಿ, ಹಿಡಿದಷ್ಟು ಮೀನು ಮತ್ತೆ ಹುಟ್ಟಿ ಬೆಳೆದು ತುಂಬಿಕೊಳ್ಳುತ್ತಿರುವಾಗ ಸಿಗುವ ಸ್ಥಿರವಾದ ಹಿಡಿತ.

ನಲವತ್ತು ಬೋಟುಗಳ ಹೊತ್ತಿಗೆ ನಿಲ್ಲೋಣ. ಒಟ್ಟು ಹಿಡಿತ 2,400 ಟನ್, 24 ಕೋಟಿ ರೂಪಾಯಿ. ಖರ್ಚು 8 ಕೋಟಿ. ಊರಿಗೆ 16 ಕೋಟಿ ಉಳಿಯಿತು, ಬೋಟೊಂದಕ್ಕೆ 40 ಲಕ್ಷ. ಇದನ್ನು ನೋಡುತ್ತಾ ದಡದಲ್ಲಿ ಒಬ್ಬ ಯುವಕ ನಿಂತಿದ್ದಾನೆ. ಅವನೂ ಒಂದು ಬೋಟು ಮಾಡಿದರೆ ಏನಾಗುತ್ತದೆ? ನಲವತ್ತೊಂದು ಬೋಟುಗಳಿಗೆ ತಲಾ 59 ಟನ್. ಅವನಿಗೆ 59 ಲಕ್ಷ ಬಂತು, 20 ಖರ್ಚು, 39 ಲಕ್ಷ ಉಳಿತಾಯ. ಬ್ಯಾಂಕಿನವರು ಕೂಡ ಖುಷಿಯಿಂದ ಸಾಲ ಕೊಡುವ ಲೆಕ್ಕ. ಅವನು ಮಾಡಿದ್ದರಲ್ಲಿ ತಪ್ಪೇನೂ ಇಲ್ಲ.

ಆದರೆ ಇಡೀ ಕೊಲ್ಲಿಯ ಹಿಡಿತ ಈಗ 2,419 ಟನ್, ಮೊದಲಿಗಿಂತ 19 ಟನ್ ಮಾತ್ರ ಹೆಚ್ಚು. ಯುವಕನ ಬೋಟಿಗೆ ಬಂದದ್ದು 59 ಟನ್. ಉಳಿದ 40 ಟನ್ ಹೊಸ ಮೀನಲ್ಲ, ಮೊದಲಿದ್ದ ನಲವತ್ತು ಬೋಟುಗಳಿಂದ ಒಂದೊಂದು ಟನ್ನಿನಂತೆ ಜಾರಿ ಅವನ ಬಲೆಗೆ ಬಿದ್ದದ್ದು. ಊರಿನ ದೃಷ್ಟಿಯಿಂದ 20 ಲಕ್ಷ ಖರ್ಚು ಮಾಡಿ 19 ಲಕ್ಷದ ಮೀನು ತಂದಂತಾಯಿತು. ನಲವತ್ತನೆಯ ಬೋಟು ಬಂದಾಗ ಇದೇ ಲೆಕ್ಕ 21 ಲಕ್ಷ ಇತ್ತು, ಖರ್ಚು ಕಳೆದು ಒಂದು ಲಕ್ಷ ಉಳಿಯುತ್ತಿತ್ತು. ಆದ್ದರಿಂದ ಈ ಕೊಲ್ಲಿಗೆ ಎಲ್ಲರ ಹಿತದ ಮಿತಿ ಸರಿಯಾಗಿ ನಲವತ್ತು ಬೋಟು.

ಯುವಕನ ಕಣ್ಣಿಗೆ ಆ ನಲವತ್ತು ಟನ್ ಕಾಣುವುದೇ ಇಲ್ಲ. ಹಳೆಯ ಮಾಲೀಕರಿಗೂ ಕಾಣುವುದಿಲ್ಲ. 60 ಟನ್ ಬರುತ್ತಿದ್ದವನಿಗೆ 59 ಬಂದರೆ ಅದು ಹೊಸ ಬೋಟಿನಿಂದಲೋ, ಗಾಳಿಯಿಂದಲೋ, ತಂಡೇಲನ ಕೈಗುಣದಿಂದಲೋ ಯಾರು ಹೇಳಬೇಕು? ಆದ್ದರಿಂದ ನಲವತ್ತೆರಡನೆಯ ಬೋಟು ಬರುತ್ತದೆ, ಐವತ್ತನೆಯದೂ ಬರುತ್ತದೆ. ಐವತ್ತಕ್ಕೆ ಒಟ್ಟು ಹಿಡಿತ 2,500 ಟನ್, ಕೊಲ್ಲಿ ಕೊಡಬಲ್ಲ ಗರಿಷ್ಠ ಅದೇ. ಐವತ್ತೊಂದನೆಯದರಿಂದ ಒಟ್ಟು ಹಿಡಿತವೇ ಇಳಿಯತೊಡಗುತ್ತದೆ. ಆದರೂ ಬರುವವರು ನಿಲ್ಲುವುದಿಲ್ಲ, ಏಕೆಂದರೆ ತಲಾ 49 ಟನ್ ಇನ್ನೂ 20ಕ್ಕಿಂತ ಬಹಳ ಮೇಲಿದೆ. ಅವರು ನಿಲ್ಲುವುದು ತಲಾ ಹಿಡಿತ ಖರ್ಚಿಗೆ ಸಮವಾದಾಗ, ಅಂದರೆ ಎಂಬತ್ತು ಬೋಟುಗಳಿಗೆ. ಆಗ ಒಟ್ಟು ಹಿಡಿತ 1,600 ಟನ್, ಬೆಲೆ 16 ಕೋಟಿ, ಖರ್ಚೂ 16 ಕೋಟಿ. ಉಳಿತಾಯ ಸೊನ್ನೆ. ಕೊನೆಗೆ ಬಂದ ಎಂಬತ್ತನೆಯ ಬೋಟು ಊರಿನ ಮೀನಿಗೆ ಏನನ್ನೂ ಸೇರಿಸಲಿಲ್ಲ, ಒಟ್ಟು ಹಿಡಿತವನ್ನು 59 ಟನ್ ಇಳಿಸಿತು.

ಎರಡು ಪಟ್ಟು ಬೋಟು, ಎರಡು ಪಟ್ಟು ಡೀಸೆಲ್, ಮೂರರಲ್ಲಿ ಎರಡು ಪಾಲು ಮೀನು. ವಾರ್ಮಿಂಗ್ ಕೇಳಿದ ಗೇಣಿ ನಲವತ್ತು ಬೋಟುಗಳಿದ್ದಾಗ ಊರಿಗೆ ಉಳಿಯುತ್ತಿದ್ದ ಆ 16 ಕೋಟಿ. ಯಾರೂ ಕದಿಯಲಿಲ್ಲ, ಹೊಗೆಕೊಳವೆಯಲ್ಲಿ ಹೋಯಿತು. ದಕ್ಷಿಣ ಕನ್ನಡದವರಿಗೆ ಗೇಣಿ ಎಂಬ ಪದ ಕಹಿ ನೆನಪು. 1974ರ ಭೂಸುಧಾರಣೆಗೆ ಮೊದಲು ಚಾಲಗೇಣಿಯ ಒಕ್ಕಲು ಬೆಳೆದ ಅಕ್ಕಿ ಧಣಿಯ ಅಂಗಳಕ್ಕೆ ಹೋಗುತ್ತಿತ್ತು. ಅದು ಅನ್ಯಾಯ, ಆದರೆ ಅಕ್ಕಿ ಇತ್ತು, ಅದನ್ನು ಯಾರಿಗೆ ಸೇರಿಸಬೇಕೆಂದು ಹೋರಾಡಬಹುದಿತ್ತು. ಕಡಲಿನಲ್ಲಿ ಧಣಿಯೂ ಇಲ್ಲ, ಒಕ್ಕಲಿಗೂ ಸಿಗಲಿಲ್ಲ. ಹೋರಾಡಲು ಎದುರಿಗೆ ಯಾರೂ ಇಲ್ಲದ್ದರಿಂದ ನಾವು ಪಕ್ಕದ ಬೋಟಿನವನೊಡನೆ ಜಗಳವಾಡುತ್ತೇವೆ.

ಎಲ್ಲ ಕಡೆ ಎಲ್ಲರನ್ನೂ ಬಿಟ್ಟರೆ ಹೀಗೆಯೇ ಆಗಬೇಕೆಂದಿಲ್ಲ. ಮಲೆನಾಡಿನ ಕೆರೆಬೇಟೆಯಲ್ಲಿ ಊರಿಗೆ ಊರೇ ಕೂಣಿ ಹಿಡಿದು ಒಟ್ಟಿಗೆ ನೀರಿಗೆ ನುಗ್ಗುತ್ತದೆ. ಯಾರಿಗೆ ಎಷ್ಟು ಸಿಕ್ಕಿತೋ ಅಷ್ಟು ಅವರದ್ದು. ಅದರಿಂದ ಕೆರೆಗೇನೂ ನಷ್ಟವಿಲ್ಲ, ಏಕೆಂದರೆ ಅದು ನಡೆಯುವುದು ಬೇಸಿಗೆಯಲ್ಲಿ, ಕೆರೆಯ ನೀರು ಬತ್ತುವ ಹೊತ್ತಿನಲ್ಲಿ. ಆ ಮೀನಿಗೆ ನಾಳೆ ಎಂಬುದಿಲ್ಲ. ಬಂಗುಡೆಗೆ ನಾಳೆ ಇದೆ, ಇಂದು ನೀರಿನಲ್ಲಿ ಬಿಟ್ಟ ಮೀನು ಬರುವ ವರ್ಷ ಮರಿಯಾಗಿ ಬರುತ್ತದೆ, ಮತ್ತು ಬಿಟ್ಟವನಿಗೇ ಅದು ಸಿಗುತ್ತದೆಂಬ ಖಾತ್ರಿ ಇಲ್ಲ. "ನಾವು ಬಿಟ್ಟರೆ ಬೇರೆಯವರು ಹಿಡೀತಾರೆ" ಎಂದು ದಕ್ಕೆಯಲ್ಲಿ ಕೇಳಿಬರುವ ಮಾತು ನೆಪವಲ್ಲ, ಅಕ್ಷರಶಃ ಸತ್ಯ.

ಈ ಲೆಕ್ಕದಲ್ಲಿ ಕಾಲದ ಒಂದು ಮೋಸ ಅಡಗಿದೆ. ಬೋಟುಗಳು ಹೆಚ್ಚಿದ ಮೊದಲ ವರ್ಷಗಳಲ್ಲಿ ಹಿಡಿತ ಇಳಿಯುವುದಿಲ್ಲ, ಏರುತ್ತದೆ. ನೀರಿನಲ್ಲಿ ಇನ್ನೂ ಹಳೆಯ ದಾಸ್ತಾನಿದೆ, ಹೆಚ್ಚು ಬಲೆಗಳು ಅದನ್ನು ಬೇಗ ಬಾಚುತ್ತವೆ. ಬ್ಯಾಂಕಿನಲ್ಲಿಟ್ಟ ಅಸಲನ್ನು ತೆಗೆದು ಬಡ್ಡಿಯೆಂದು ಉಣ್ಣುವ ಹಾಗೆ. ಆ ಸುಗ್ಗಿಯ ವರ್ಷಗಳನ್ನು ನೋಡಿಯೇ ಹೊಸಬರು ಸಾಲ ಮಾಡುತ್ತಾರೆ. ನಮ್ಮ ಕರಾವಳಿ ಇದನ್ನು ಕಣ್ಣಾರೆ ಕಂಡಿದೆ.

1970ರ ದಶಕದ ನಡುವಿನವರೆಗೆ ಕರ್ನಾಟಕದ ಬಂಗುಡೆ, ಬೂತಾಯಿಗಳ ಕಸುಬೆಂದರೆ ರಂಪಣಿ. ಸದಸ್ಯರು ತಂದ ಬಲೆಯ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮಾಡಿದ ಬಹಳ ಉದ್ದದ ಬಲೆ. ದೋಣಿಯಲ್ಲಿ ಅದನ್ನು ಅರ್ಧಚಂದ್ರಾಕಾರವಾಗಿ ಇಳಿಸಿ, ಎರಡು ತುದಿಯ ಹಗ್ಗಗಳನ್ನು ದಡದಿಂದ ಹತ್ತಾರು ಜನ ಎಳೆಯುತ್ತಿದ್ದರು. ಬಲೆಗೆ ಪಾಲು, ದೋಣಿಗೆ ಪಾಲು, ಎಳೆದವನಿಗೆ ಪಾಲು. ಒಂದು ರಂಪಣಿಗೆ ಹಲವು ಮನೆಗಳ ನಂಟಿತ್ತು. ಇದನ್ನು ನೆನೆದು ಹಿಂದಿನವರು ಕಡಲನ್ನು ಉಳಿಸುವ ಜಾಣ್ಮೆ ಬಲ್ಲವರಾಗಿದ್ದರು ಎನ್ನುವವರಿದ್ದಾರೆ. ನನ್ನ ಅನಿಸಿಕೆಯಲ್ಲಿ ಕಡಲನ್ನು ಉಳಿಸಿದ್ದು ಹೆಚ್ಚಾಗಿ ಆ ಬಲೆಯ ಅಸಹಾಯಕತೆ. ರಂಪಣಿಗೆ ಮೀನಿನ ಹಿಂದೆ ಹೋಗಲು ಬರುವುದಿಲ್ಲ, ಮೀನೇ ದಡಕ್ಕೆ ಬರಬೇಕು. ಬಾರದೆ ದೂರದಲ್ಲೇ ಉಳಿದ ಹಿಂಡು ತನ್ನಷ್ಟಕ್ಕೆ ಮೊಟ್ಟೆಯಿಟ್ಟು ಕಡಲನ್ನು ತುಂಬಿಸುತ್ತಿತ್ತು.

ಪರ್ಸೀನ್ ಬಂದದ್ದು ಆಗ. ಯಾಂತ್ರಿಕ ಬೋಟು ಹಿಂಡು ಇದ್ದಲ್ಲಿಗೇ ಹೋಗಿ, ಸುತ್ತ ಬಲೆ ಇಳಿಸಿ, ಕೆಳಗಿನ ಹಗ್ಗ ಎಳೆದು ಚೀಲದ ಬಾಯಿಯಂತೆ ಬಿಗಿಯುತ್ತದೆ. ಕೆಲವೇ ವರ್ಷಗಳಲ್ಲಿ ಪರ್ಸೀನ್ ಬೋಟುಗಳು ನೂರುಗಳ ಲೆಕ್ಕಕ್ಕೆ ಬಂದವು. ದಡಕ್ಕೆ ಬರುವ ಮೊದಲೇ ಹಿಂಡು ಸಿಕ್ಕಿಬೀಳುವುದರಿಂದ ರಂಪಣಿ ಖಾಲಿ ಬಂತು, ಎರಡು ಕಡೆಯವರ ನಡುವೆ ಘರ್ಷಣೆಗಳಾದವು, ಮತ್ತು ದೊಡ್ಡ ರಂಪಣಿ ಹೆಚ್ಚುಕಡಿಮೆ ಕಣ್ಮರೆಯಾಯಿತು. ಈಗ ಅಲ್ಲಲ್ಲಿ ಉಳಿದಿರುವುದು ಚಿಕ್ಕದಾದ ಕೈರಂಪಣಿ. ಯಾವ ಒಬ್ಬ ಪರ್ಸೀನ್ ಮಾಲೀಕನೂ ರಂಪಣಿಯನ್ನು ಮುಳುಗಿಸಲು ಹೊರಟಿರಲಿಲ್ಲ. ಅವನ ಪಟ್ಟಿಯಲ್ಲಿ ದಡದವರ ಕಳೆದುಹೋದ ಟನ್ನುಗಳಿಗೆ ಕಾಲಂ ಇರಲಿಲ್ಲ.

ಕೊಲ್ಲಿ ನಲವತ್ತರ ಕಡೆ ಇದೆಯೋ ಎಂಬತ್ತರ ಕಡೆ ಇದೆಯೋ ಎಂದು ತಿಳಿಯುವುದು ಹೇಗೆ? ಒಟ್ಟು ಹಿಡಿತ ನೋಡಿದರೆ ಸಾಲದು. ನಮ್ಮ ಲೆಕ್ಕದಲ್ಲೇ ಇಪ್ಪತ್ತು ಬೋಟು ಹಿಡಿಯುವುದೂ 1,600 ಟನ್, ಎಂಬತ್ತು ಬೋಟು ಹಿಡಿಯುವುದೂ 1,600 ಟನ್. ನೋಡಬೇಕಾದದ್ದು ಒಂದು ಬೋಟು ಒಂದು ದಿನಕ್ಕೆ ಎಷ್ಟು ತಂದಿತು, ಎಷ್ಟು ದೂರ ಹೋಯಿತು, ಮೀನಿನ ಅಳತೆ ಎಷ್ಟು ಎಂಬುದನ್ನು. ಬೆಳಿಗ್ಗೆ ಹೋಗಿ ಸಂಜೆ ಬರುತ್ತಿದ್ದವರು ವಾರಗಟ್ಟಲೆ ಕಡಲಿನಲ್ಲೇ ಉಳಿಯತೊಡಗಿದರೆ, ಬುಟ್ಟಿಯಲ್ಲಿ ಮೊಟ್ಟೆಯಿಡದ ಮರಿಗಳೇ ಹೆಚ್ಚಾಗಿ ಮೀನುಹುಡಿ ಕಾರ್ಖಾನೆಗೆ ಲಾರಿ ತುಂಬತೊಡಗಿದರೆ ಅದು ಎಂಬತ್ತರ ಕಡೆಯ ಲಕ್ಷಣ.

ಆದರೆ ಬಂಗುಡೆ, ಬೂತಾಯಿಯಂತೆ ಹಿಂಡುಗಟ್ಟುವ ಮೀನು ಈ ಅಳತೆಯನ್ನೂ ವಂಚಿಸುತ್ತದೆ. ಸಂಖ್ಯೆ ಅರ್ಧವಾದರೂ ಅವು ಚದುರಿ ತೆಳ್ಳಗಾಗುವುದಿಲ್ಲ. ಹಿಂಡುಗಳು ಕಡಿಮೆಯಾಗುತ್ತವೆ, ಹಿಂಡಿನ ಒಳಗಿನ ದಟ್ಟಣೆ ಹಾಗೇ ಇರುತ್ತದೆ. ಹಿಂಡನ್ನು ಹುಡುಕಿಕೊಡುವ ಯಂತ್ರ ಬೋಟಿನಲ್ಲಿದ್ದರೆ ಪ್ರತಿ ಬಲೆಯೂ ಮೊದಲಿನಂತೆಯೇ ತುಂಬಿ ಬರುತ್ತದೆ, ಕೊನೆಯ ಕೆಲವು ಹಿಂಡುಗಳು ಉಳಿಯುವವರೆಗೂ. ಹಾಗಾಗಿ ಇಂಥ ಮೀನಿನಲ್ಲಿ ಬಲೆಯ ಲೆಕ್ಕಕ್ಕಿಂತ ಹುಡುಕಾಟದ ಗಂಟೆಗಳ ಲೆಕ್ಕ ಹೆಚ್ಚು ನಿಜ ಹೇಳುತ್ತದೆ. ತಂಡೇಲನಿಗೆ ಅದು ಗೊತ್ತಿರುತ್ತದೆ. ದಕ್ಕೆಯಲ್ಲಿ ಬುಟ್ಟಿ ಎಣಿಸುವವರ ಕಾಗದದಲ್ಲಿ ಅದು ಬರುವುದಿಲ್ಲ.

ಕಷ್ಟದಲ್ಲಿರುವ ಎಂಬತ್ತು ಮಾಲೀಕರು ಸರ್ಕಾರದ ಬಳಿ ಹೋಗುತ್ತಾರೆ. ಬಡವರು ಕೇಳಿದಾಗ ಕೊಡುವುದು ಸಹಜ, ಮತ್ತು ಕೊಡಲು ಸುಲಭವಾದದ್ದು ಡೀಸೆಲ್ ಮೇಲಿನ ರಿಯಾಯಿತಿ. ನಮ್ಮ ಕಲ್ಪಿತ ಕೊಲ್ಲಿಯಲ್ಲಿ ಸರ್ಕಾರ ತುಂಬ ಉದಾರವಾಗಿ ಬೋಟಿನ ಅರ್ಧ ಖರ್ಚನ್ನು, ಹತ್ತು ಲಕ್ಷವನ್ನು, ತಾನೇ ಹೊತ್ತಿತೆನ್ನಿ. ಮೊದಲ ವರ್ಷ ಎಲ್ಲರ ಕೈಯಲ್ಲೂ ಹತ್ತು ಲಕ್ಷ ಉಳಿಯಿತು. ಅದನ್ನು ಕಂಡು ಎಂಬತ್ತೊಂದನೆಯವನು ಬರುತ್ತಾನೆ. ತಲಾ ಹಿಡಿತ ಹತ್ತು ಟನ್ನಿಗೆ ಇಳಿಯುವವರೆಗೆ, ಅಂದರೆ ತೊಂಬತ್ತು ಬೋಟುಗಳಾಗುವವರೆಗೆ, ಬರುತ್ತಲೇ ಇರುತ್ತಾರೆ. ಆಗ ಒಟ್ಟು ಹಿಡಿತ 900 ಟನ್, ಬೆಲೆ 9 ಕೋಟಿ. ಸರ್ಕಾರ ಕೊಟ್ಟದ್ದೂ 9 ಕೋಟಿ. ಮಾಲೀಕರ ಉಳಿತಾಯ ಮತ್ತೆ ಸೊನ್ನೆ, ಮೀನು ಮೊದಲಿಗಿಂತಲೂ ಕಡಿಮೆ, ಮತ್ತು ರಿಯಾಯಿತಿ ನಿಲ್ಲಿಸಿದರೆ ಮರುದಿನವೇ ತೊಂಬತ್ತು ಮನೆಗಳು ಸಾಲದಲ್ಲಿ. ಮೀನಿನ ಬೆಲೆ ಎರಡು ಪಟ್ಟಾದರೂ ಇದೇ ಆಗುತ್ತದೆ, ತೊಂಬತ್ತು ಬೋಟು, 900 ಟನ್. ಭತ್ತಕ್ಕೆ ದರ ಏರಿದರೆ ಭತ್ತ ಹೆಚ್ಚು ಬರುತ್ತದೆ. ಇಲ್ಲಿ ದರ ಏರಿದರೆ ಮೀನು ಕಡಿಮೆ ಬರುತ್ತದೆ.

ನಿಜವಾದ ಕರಾವಳಿಯಲ್ಲಿ ರಿಯಾಯಿತಿ ಇಷ್ಟು ದೊಡ್ಡದಲ್ಲ, ಬೋಟು ಬರುವುದೂ ಹೋಗುವುದೂ ಇಷ್ಟು ಸಲೀಸಲ್ಲ. ದಿಕ್ಕು ಮಾತ್ರ ಇದೇ. ಡೀಸೆಲ್ಲಿಗೆ ಕೊಡುವ ದುಡ್ಡನ್ನೇ ವಿಮೆಗೋ, ಮಕ್ಕಳ ಓದಿಗೋ, ಮಳೆಗಾಲದ ಎರಡು ತಿಂಗಳ ಜೀವನಕ್ಕೋ ಕೊಟ್ಟರೆ ಮನೆಗೆ ಸೇರುವುದು ಅಷ್ಟೇ, ಕಡಲಿಗೆ ಹೋಗುವ ದಿನಗಳು ಅದರಿಂದ ಹೆಚ್ಚುವುದಿಲ್ಲ.

ಮಳೆಗಾಲದ ನಿಷೇಧ ಒಳ್ಳೆಯದು, ಅನುಮಾನವಿಲ್ಲ. ಹಲವು ಮೀನುಗಳು ಮೊಟ್ಟೆಯಿಡುವ ಕಾಲವದು, ಕಡಲೂ ಅಪಾಯದ್ದು. ಆದರೆ ಅದು ಬೋಟುಗಳ ಸಂಖ್ಯೆಯನ್ನು ಮುಟ್ಟುವುದಿಲ್ಲ. ನಿಷೇಧದಿಂದ ಮೀನು ಹೆಚ್ಚಿದರೆ ಆ ಹೆಚ್ಚಳವೇ ಹೊಸ ಬೋಟನ್ನೋ ದೊಡ್ಡ ಎಂಜಿನನ್ನೋ ಕರೆಯುತ್ತದೆ, ಕೊನೆಗೆ ಲಾಭ ಮತ್ತೆ ಸೊನ್ನೆಗೆ ಬರುತ್ತದೆ. ಆಗಸ್ಟಿನ ನೂಕುನುಗ್ಗಲಿನ ಮೂಲ ಅದು. ಬೋಟುಗಳ ಸಂಖ್ಯೆಯನ್ನೇ ಕಟ್ಟಿಹಾಕಿದರೆ ಎಂಜಿನ್ ಬೆಳೆಯುತ್ತದೆ. ಎಂಜಿನ್ನಿಗೆ ಮಿತಿ ಹಾಕಿದರೆ ರಾತ್ರಿ ಪ್ರಖರ ದೀಪ ಹಚ್ಚಿ ಮೀನು ಕರೆಯುವ ಉಪಾಯ ಬರುತ್ತದೆ. ಆ ಬೆಳಕಿನ ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರಲ್ಲಿ ನಿಷೇಧಿಸಬೇಕಾಯಿತು.

ಗೋರ್ಡನ್ ಲೆಕ್ಕದಿಂದ ನೇರವಾಗಿ ಹೊರಡುವ ಪರಿಹಾರ ಬೇರೆ. ಪ್ರತಿ ಬೋಟಿಗೆ ಋತುವಿಗೆ 40 ಲಕ್ಷ ಶುಲ್ಕ ಹಾಕಿದರೆ ಖರ್ಚು 60 ಲಕ್ಷವಾಗಿ, ತಾನಾಗಿಯೇ ನಲವತ್ತು ಬೋಟುಗಳು ಉಳಿಯುತ್ತವೆ. ಗೇಣಿ ಪೂರ್ತಿ ಸರ್ಕಾರಕ್ಕೆ, ಮೀನುಗಾರನಿಗೆ ಹಿಂದಿನ ಸೊನ್ನೆಯೇ. ಅವನು ಯಾಕೆ ಒಪ್ಪಬೇಕು? ಐಸ್‌ಲ್ಯಾಂಡ್ 1990ರ ಕಾನೂನಿನಿಂದ ಇನ್ನೊಂದು ದಾರಿ ಹಿಡಿಯಿತು. ವರ್ಷದ ಒಟ್ಟು ಹಿಡಿತ ನಿಗದಿ ಮಾಡಿ, ಅದರ ಪಾಲುಗಳನ್ನು ಬೋಟುಗಳಿಗೆ ಕೊಟ್ಟು, ಮಾರಿಕೊಳ್ಳಲು ಬಿಟ್ಟಿತು. ಓಟದ ಸ್ಪರ್ಧೆ ನಿಂತಿತು, ಲಾಭವೂ ಬಂತು. ಆದರೆ ಪಾಲುಗಳು ದೊಡ್ಡ ಕಂಪನಿಗಳ ಕೈಸೇರಿ, ಪಾಲು ಮಾರಿದ ಸಣ್ಣ ಊರುಗಳ ದಕ್ಕೆಗಳು ಬಡವಾದವು. ನಮ್ಮಲ್ಲಿ ಒಂದೇ ಬಲೆಯಲ್ಲಿ ಹತ್ತಾರು ಜಾತಿಯ ಮೀನು ಬರುತ್ತದೆ, ಅಸಂಖ್ಯ ಚಿಕ್ಕ ಇಳಿದಾಣಗಳಿವೆ. ಜಾತಿಜಾತಿಗೆ ಟನ್ನಿನ ಪಾಲು ತೂಗುತ್ತ ಕೂರುವುದು ಆಗದ ಮಾತು.

ಕಡಲು ತನ್ನದೇ ಲೆಕ್ಕವನ್ನೂ ಇಟ್ಟುಕೊಂಡಿದೆ ಎಂಬುದನ್ನು ಮರೆಯುವಂತಿಲ್ಲ. ಕೇರಳದಲ್ಲಿ 2012ರಲ್ಲಿ ಬೂತಾಯಿ ಸುಮಾರು 4 ಲಕ್ಷ ಟನ್ ಬಂದಿತ್ತು, 2021ರಲ್ಲಿ ಮೂರೂವರೆ ಸಾವಿರ ಟನ್ನಿಗಿಂತಲೂ ಕಡಿಮೆ. ಇಂಥ ಕುಸಿತವನ್ನು ಬೋಟುಗಳ ತಲೆಗೆ ಮಾತ್ರ ಕಟ್ಟಲಾಗದು. ನೀರಿನ ಬಿಸಿ, ಮಳೆ, ಎಲ್ ನಿನೊ ಎಲ್ಲವೂ ಬೂತಾಯಿಯನ್ನು ಕುಣಿಸುತ್ತವೆ. ನನ್ನ ಕೊಲ್ಲಿಯ 'ನಲವತ್ತು' ನಿಜವಾದ ಕಡಲಿನಲ್ಲಿ ಒಂದು ವರ್ಷ ಐವತ್ತಾಗಬಹುದು, ಇನ್ನೊಂದು ವರ್ಷ ಹದಿನೈದು. ಆದರೆ ಕೆಟ್ಟ ವರ್ಷದಲ್ಲಿ ಕಡಿಮೆ ಮಾಡಬೇಕೆಂದರೆ ಮೊದಲು ಕಡಿಮೆ ಮಾಡುವ ವ್ಯವಸ್ಥೆಯೊಂದು ಇರಬೇಕು. ಸಾಲದ ಕಂತು ಕಟ್ಟಬೇಕಾದ ಎಂಬತ್ತು ಬೋಟುಗಳು ಕೆಟ್ಟ ವರ್ಷದಲ್ಲೇ ಹೆಚ್ಚು ಹುಡುಕಿ ಹಿಡಿಯುತ್ತವೆ.

ಎಂಬತ್ತರಲ್ಲಿ ನಲವತ್ತು ಜನ ಮಾರಿ ಹೋಗಲಿ ಎಂದು ಹೇಳುವ ಧೈರ್ಯ ನನಗಿಲ್ಲ. ಹಾಗಾಗಿ ಇನ್ನೊಂದು ಲೆಕ್ಕ ಹಾಕಿ ನೋಡಿದೆ. ಬೋಟಿನ 20 ಲಕ್ಷ ಖರ್ಚಿನಲ್ಲಿ 12 ಲಕ್ಷ ಓಡಿಸಿದರೆ ಮಾತ್ರ ಆಗುವುದು, ಡೀಸೆಲ್, ಮಂಜು, ದುಡಿಮೆಯ ದಿನಗಳು. 8 ಲಕ್ಷ ನಿಂತಿದ್ದರೂ ಆಗುವುದು, ಕಂತು ಮತ್ತು ದುರಸ್ತಿ. ಎಂಬತ್ತು ಬೋಟುಗಳೂ ಉಳಿಯಲಿ, ಆದರೆ ಪಾಳಿಯಲ್ಲಿ ಅರ್ಧರ್ಧ ದಿನಗಳು ಮಾತ್ರ ಓಡಲಿ. ಕಡಲಿನ ಮೇಲಿನ ಹೊರೆ ನಲವತ್ತು ಬೋಟಿನದ್ದೇ, ಮೀನು ಚೇತರಿಸಿಕೊಂಡ ಮೇಲೆ ಹಿಡಿತ 2,400 ಟನ್, 24 ಕೋಟಿ. ಓಡಿಸುವ ಖರ್ಚು 4 ಕೋಟಿ 80 ಲಕ್ಷ, ನಿಂತ ಖರ್ಚು 6 ಕೋಟಿ 40 ಲಕ್ಷ. ಉಳಿಯುವುದು 12 ಕೋಟಿ 80 ಲಕ್ಷ, ಬೋಟೊಂದಕ್ಕೆ 16 ಲಕ್ಷ. ಈಗ ಇಡೀ ಋತು ಓಡಿ 20 ಟನ್ ತರುವವನು ಆಗ ಅರ್ಧ ಋತು ಓಡಿ 30 ಟನ್ ತರುತ್ತಾನೆ.

ಇದು ನಡೆಯಬೇಕಾದರೆ ಎಂಬತ್ತೊಂದನೆಯ ಬೋಟಿಗೆ ನೋಂದಣಿ ಸಿಗಬಾರದು, ಏಕೆಂದರೆ ಆ 16 ಲಕ್ಷ ಅವನನ್ನು ಖಂಡಿತ ಕರೆಯುತ್ತದೆ. ಮೀನು ಚೇತರಿಸಿಕೊಳ್ಳುವ ಮೊದಲ ಒಂದೆರಡು ವರ್ಷ ಮನೆ ನಡೆಸಲು ಕೈಗಡ ಬೇಕು. ಡೀಸೆಲ್ಲಿಗೆ ಈಗ ಹೋಗುವ ದುಡ್ಡು ಅಲ್ಲಿ ಕೆಲಸಕ್ಕೆ ಬಂದೀತು. ಬಂಗುಡೆ, ಬೂತಾಯಿ ಎರಡೂ ಬೇಗ ಬೆಳೆದು ಬೇಗ ಮೊಟ್ಟೆಯಿಡುವ ಮೀನುಗಳಾದ್ದರಿಂದ ಕಾಯುವ ಕಾಲ ದಶಕಗಳಷ್ಟಲ್ಲ. ಮತ್ತು ಪಾಳಿಯಲ್ಲದ ದಿನ ಕದ್ದು ಹೋಗುವ ಆಸೆ ಎಲ್ಲರಿಗೂ ಇರುತ್ತದೆ, ನೀರಿನಲ್ಲಿ ಮೀನು ಹೆಚ್ಚಿದಷ್ಟೂ ಆ ಆಸೆ ಬಲವಾಗುತ್ತದೆ. ಆದರೆ ಟನ್ನುಗಳನ್ನು ಬಚ್ಚಿಡಬಹುದು, ಬಲೆಯ ಕಣ್ಣಿನ ಅಳತೆಯನ್ನು ಬಚ್ಚಿಡಬಹುದು, ಎಪ್ಪತ್ತು ಅಡಿಯ ಬೋಟನ್ನು ಬಚ್ಚಿಡಲಾಗದು. ಪಾಳಿಯಿಲ್ಲದ ನಲವತ್ತು ಬೋಟುಗಳು ಆ ದಿನ ದಕ್ಕೆಯ ಗೋಡೆಗೆ ಕಟ್ಟಿಕೊಂಡಿರಬೇಕು. ಬೆಳಗಿನ ಹರಾಜಿಗೆ ಬುಟ್ಟಿ ಹೊತ್ತು ಬರುವ ಹೆಂಗಸರೂ ಅವನ್ನು ಎಣಿಸಬಹುದು.